ಕೂಗಿಗೆ ಮೊದಲಿನ ಪದ

ನೂರಾ ಅರವತ್ತೆಂಟು ಪುಟದ ಪುಸ್ತಕದಲ್ಲಿ ಒಂದೇ ಒಂದು ಪೂರ್ಣವಿರಾಮ ಇರಲಿಲ್ಲ. ರೈಹಾನಾ ಮೊದಲ ಪುಟ ನೋಡಿದಳು, ನಡುವೆ ಎಲ್ಲೋ ತೆರೆದು ನೋಡಿದಳು, ಕೊನೆಗೆ ಹೋಗಿಯೂ ನೋಡಿದಳು. ಅಲ್ಪವಿರಾಮವಿಲ್ಲ, ಪ್ರಶ್ನೆಯ ಚಿಹ್ನೆಯಿಲ್ಲ, ಎಲ್ಲಿಯೂ ಪ್ಯಾರಾ ಒಡೆದಿಲ್ಲ. ಹಳದಿಗಟ್ಟಿದ ಕಾಗದದ ಮೇಲೆ ಅಕ್ಷರಗಳು ಕಿಟಕಿ ಬಾಗಿಲು ಇಡದೆ ಕಟ್ಟಿದ ಗೋಡೆಯ ಹಾಗೆ ನಿಂತಿದ್ದವು.

"ಎಂತ, ಹೆದರಿದಿಯಾ?" ಎಂದು ಎದುರಿನ ಕುರ್ಚಿಯಿಂದ ಶಶಿಪ್ರಭಾ ಕೇಳಿದರು. "ಪುಟ ಮಗುಚುವ ಸದ್ದು ಮಾತ್ರ ಕೇಳ್ತಾ ಉಂಟು, ಓದುವ ಸದ್ದು ಇಲ್ಲ."

"ಇಲ್ಲ ಆಂಟಿ, ಎಲ್ಲಿ ಉಸಿರು ತೆಗೆದುಕೊಳ್ಳುವುದು ಅಂತ ನೋಡ್ತಾ ಇದ್ದೆ."

"ನಾನೂ ಎರಡು ಸಲ ನೋಡಿದ್ದು. ಒಮ್ಮೆ ಇಪ್ಪತ್ತನೇ ವಯಸ್ಸಿನಲ್ಲಿ, ಒಮ್ಮೆ ಅಪ್ಪ ತೀರಿಹೋದಾಗ. ಆರನೇ ಪುಟಕ್ಕೆ ತಲೆನೋವು. ಆಗ ಕಣ್ಣು ಇತ್ತು, ತಾಳ್ಮೆ ಇರಲಿಲ್ಲ. ಈಗ ಉಲ್ಟಾ."

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುವ ಒಂದು ಸಣ್ಣ ಬಳಗ ಮಂಗಳೂರಿನಲ್ಲಿತ್ತು. ಕನ್ನಡ ಎಂ.ಎ. ಮುಗಿಸಿ ಎರಡು ವರ್ಷದಿಂದ ಕೆಲಸ ಹುಡುಕುತ್ತಿದ್ದ ರೈಹಾನಾ ಅದರಲ್ಲಿ ಹೆಸರು ಬರೆಸಿದ್ದಳು. ಶಶಿಪ್ರಭಾ ಅಂಚೆ ಕಚೇರಿಯಲ್ಲಿದ್ದವರು. ಕಣ್ಣಿನ ಒತ್ತಡ ಏರಿ ದೃಷ್ಟಿ ಹೋದ ಮೇಲೆ ಕೆಲಸ ಬಿಟ್ಟು ದೇರೆಬೈಲಿನ ಈ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಅವರು ಬಳಗಕ್ಕೆ ಫೋನ್ ಮಾಡಿ ಕೇಳಿದ್ದು ಒಂದೇ ಪುಸ್ತಕ: ತಮ್ಮ ತಂದೆ ಪೂವಪ್ಪ ಬರೆದ 'ದಕ್ಕೆಯ ಹಗಲು'. ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ಪೂವಪ್ಪ ಜೀವಮಾನದಲ್ಲಿ ಬರೆದದ್ದು ಅದೊಂದೇ ಕಾದಂಬರಿ. ಐವತ್ತು ವರ್ಷದ ಹಿಂದೆ ಮುನ್ನೂರು ಪ್ರತಿ ಅಚ್ಚಾಗಿತ್ತು. ಈಗ ಉಳಿದದ್ದು ಈ ಮನೆಯ ಕಪಾಟಿನದ್ದು ಮಾತ್ರ. ಆದ್ದರಿಂದ ಪ್ರತಿ ಶನಿವಾರ ಮಧ್ಯಾಹ್ನ ರೈಹಾನಾ ಇಲ್ಲಿಗೇ ಬಂದು, ಅವರ ಎದುರೇ ಕುಳಿತು, ಫೋನಿನಲ್ಲಿ ರೆಕಾರ್ಡ್ ಮಾಡುತ್ತ ಓದುವುದೆಂದು ಮಾತಾಯಿತು.

"ತುಳು ಬರ್ತದಲ್ಲ ನಿನಗೆ?" ಎಂದು ಶಶಿಪ್ರಭಾ ಕೇಳಿದ್ದರು. "ಪುಸ್ತಕ ಕನ್ನಡದ್ದೇ. ಆದರೂ ಮನೆ ತುಳುವರದ್ದು, ಗಾಳಿ ಹಾಗೇ ಇರ್ತದೆ."

"ಬರ್ತದೆ ಆಂಟಿ," ಎಂದಿದ್ದಳು ರೈಹಾನಾ. ಮಂಗಳೂರಿನಲ್ಲಿ ಹುಟ್ಟಿ ಬೆಳೆದವಳು ತುಳು ಬರುವುದಿಲ್ಲ ಎಂದರೆ ಹೇಗೆ? ಬಸ್ಸಿನಲ್ಲಿ ಟಿಕೆಟ್ ಕೇಳುವಷ್ಟು, ಮೀನಿನವಳೊಂದಿಗೆ ಚೌಕಾಸಿ ಮಾಡುವಷ್ಟು ಅವಳಿಗೆ ಬರುತ್ತಿತ್ತು. ಮನೆಯಲ್ಲಿ ಬ್ಯಾರಿ, ಕಾಲೇಜಿನಲ್ಲಿ ಕನ್ನಡ. ತುಳು ಎಂದರೆ ಅವಳಿಗೆ ದಾರಿಯಲ್ಲಿ ಕಿವಿಗೆ ಬೀಳುವ ಭಾಷೆ.

ಮೊದಲ ವಾರ ಅವಳು ಪುಟಗಳನ್ನು ಜೆರಾಕ್ಸ್ ಮಾಡಿಸಿ ಮನೆಗೆ ಒಯ್ದಳು. ಪೆನ್ಸಿಲ್ ಹಿಡಿದು ವಾಕ್ಯ ಮುಗಿದಂತೆ ಕಂಡ ಕಡೆಯೆಲ್ಲ ಗೆರೆ ಹಾಕಿದಳು. ಕನ್ನಡ ಇದಕ್ಕೆ ಒಳ್ಳೆಯ ಭಾಷೆ. ಕ್ರಿಯಾಪದ ಕೊನೆಯಲ್ಲಿ ಬರುತ್ತದೆ, ಅದರ ಬಾಲದಲ್ಲಿ ಯಾರು ಮಾಡಿದರೆಂಬುದೂ ಇರುತ್ತದೆ. ಹೋದಳು ಎಂದರೆ ಅವಳು, ಹೋದರು ಎಂದರೆ ಅವರು. ಚುಕ್ಕಿಯಿಲ್ಲದಿದ್ದರೂ ಕ್ರಿಯಾಪದವೇ ಕದ ಹಾಕಿಕೊಳ್ಳುತ್ತದೆ. ಇಷ್ಟು ಸುಲಭವೇ ಎಂದುಕೊಂಡು ಅವಳು ಮೂವತ್ತು ಪುಟಕ್ಕೆ ಗೆರೆ ಎಳೆದು ಮುಗಿಸಿದಳು.

ಎರಡನೇ ಶನಿವಾರ ಐದು ನಿಮಿಷ ಓದುವುದರೊಳಗೆ ಶಶಿಪ್ರಭಾ ಕೈ ಎತ್ತಿದರು.

"ಇದೆಂತ ಮಾರಾಯ್ತಿ, ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ! ನನ್ನ ಅಪ್ಪ ವಾರ್ತೆ ಹೇಳ್ಲಿಕ್ಕೆ ಪುಸ್ತಕ ಬರೆದದ್ದಾ?"

ರೈಹಾನಾಳ ಮುಖ ಬಿಸಿಯಾಯಿತು. ಆದರೆ ಅವರು ಹೇಳಿದ್ದು ಸರಿಯಿತ್ತು. ಅವಳು ಓದುತ್ತಿದ್ದ ಭಾಗ ಹೀಗಿತ್ತು:

*ಇಪ್ಪತ್ತಮೂರು ಮೆಟ್ಟಿಲು ಇಪ್ಪತ್ತನಾಲ್ಕನೆಯದು ಬಿರುಕು ಹೇಳಬೇಕು ಯಾರಿಗೆ ಹೇಳುವುದು ಮ್ಯಾನೇಜರನಿಗೆ ಕೇಳುವುದಿಲ್ಲ ಅವನ ಕಿವಿ ಅವನ ಹೆಂಡತಿಯ ಹತ್ತಿರ ಹೆಂಡತಿ ಬೆಳಿಗ್ಗೆ ಗಂಜಿ ಬಡಿಸುವಾಗ ಸೌಟು ಪಾತ್ರೆಗೆ ತಾಗಲಿಲ್ಲ ಸದ್ದೇ ಇಲ್ಲ ಮನೆ ಸಾವಿರದ ನಾನೂರು ಹಂಚು ನಾನೇ ಎಣಿಸಿ ಹೊದೆಸಿದ್ದು ಒಂದೂ ಸೋರುವುದಿಲ್ಲ ಒಳಗೆ ಏನೂ ಬರುವುದಿಲ್ಲ*

'ಸದ್ದೇ ಇಲ್ಲ' ಎಂದ ಮೇಲೆ ಅವಳು ಗೆರೆ ಹಾಕಿದ್ದಳು. ಆಗ 'ಮನೆ ಸಾವಿರದ ನಾನೂರು ಹಂಚು' ಎಂದಾಗುತ್ತದೆ. ಆದರೆ 'ಸದ್ದೇ ಇಲ್ಲ ಮನೆ' ಎಂದೂ ಓದಬಹುದಿತ್ತು. ಮನಸ್ಸಿನೊಳಗೆ ಮಾತು ಹಾಗೆಯೇ ಹಿಂದುಮುಂದಾಗಿ ಬರುತ್ತದೆ. 'ಮನೆ' ಎಂಬ ಒಂದು ಪದ ಎರಡು ಯೋಚನೆಗಳ ನಡುವೆ ತಿರುಗಣಿಯಂತೆ ನಿಂತು ಎರಡನ್ನೂ ಹಿಡಿದುಕೊಂಡಿತ್ತು. 'ಹೆಂಡತಿ'ಯೂ ಹಾಗೆಯೇ. ಮ್ಯಾನೇಜರನ ಹೆಂಡತಿಯಿಂದ ತನ್ನ ಹೆಂಡತಿಗೆ ಬರಲು ಆ ಮನುಷ್ಯನಿಗೆ ಒಂದು ಹೆಜ್ಜೆಯೂ ಬೇಕಾಗಿರಲಿಲ್ಲ. ಅವಳು ಎಳೆದ ಗೆರೆ ತಿರುಗಣಿಗೆ ಹೊಡೆದ ಮೊಳೆಯಾಗಿತ್ತು.

ಅಂದು ಬಸ್ಸಿನಲ್ಲಿ ಕುಳಿತು ರಬ್ಬರಿನಿಂದ ಅವಳು ಎಲ್ಲ ಗೆರೆಗಳನ್ನೂ ಅಳಿಸಿದಳು.

ಆಮೇಲಿನ ವಾರಗಳಲ್ಲಿ ಪುಸ್ತಕ ನಿಧಾನವಾಗಿ ತನ್ನ ಕಟ್ಟುಗಳನ್ನು ತೋರಿಸಿಕೊಟ್ಟಿತು. ಕತೆ ನಡೆಯುವುದು ಒಂದೇ ದಿನ, ಬೆಳಿಗ್ಗೆ ಆರೂವರೆಯಿಂದ ಸಂಜೆ ಕಡೆಯ ದೋಣಿ ಬಂದರಿನ ದಕ್ಕೆಯಿಂದ ಹೊರಡುವ ತನಕ. ಜೆಪ್ಪುವಿನ ಒಂದು ಮನೆ, ಗಂಡ, ಹೆಂಡತಿ, ನಾಲ್ಕು ವರ್ಷದ ಮಗು. ಯಾರಿಗೂ ಹೆಸರಿಲ್ಲ. ಏನೂ ನಡೆಯುವುದಿಲ್ಲ. ಗಂಡ ಕೆಲಸಕ್ಕೆ ಹೋಗುತ್ತಾನೆ, ಮಧ್ಯಾಹ್ನ ಊಟಕ್ಕೆ ಬರುತ್ತಾನೆ, ಹೆಂಡತಿ ಮೀನು ತೊಳೆಯುತ್ತಾಳೆ, ಅಕ್ಕಿ ಆರಿಸುತ್ತಾಳೆ. ನಡೆಯುವುದೆಲ್ಲ ಅವರ ತಲೆಯೊಳಗೆ. ಈಗ ಯಾರ ತಲೆಯೊಳಗೆ ಇದ್ದೇವೆಂದು ಪುಸ್ತಕ ಹೇಳುವುದಿಲ್ಲ, ಓದುವವರು ಕಂಡುಹಿಡಿಯಬೇಕು. ಗಂಡ ಎಲ್ಲವನ್ನೂ ಎಣಿಸುತ್ತಾನೆ: ಮೆಟ್ಟಿಲು, ಹಂಚು, ಹೆಜ್ಜೆ. ಹೆಂಡತಿ ಎಣಿಸುವುದಿಲ್ಲ, ಮೂಸುತ್ತಾಳೆ. ಲೆಕ್ಕ ಬಂದರೆ ಅವನು, ವಾಸನೆ ಬಂದರೆ ಅವಳು. ಪುಸ್ತಕದ ಹಿಂಬದಿಯ ಖಾಲಿ ಹಾಳೆಯಲ್ಲಿ ಪೂವಪ್ಪನವರು ಇದನ್ನೆಲ್ಲ ಬರೆದಿಟ್ಟಿರಲಿಲ್ಲ, ರೈಹಾನಾಳೇ ನಾಲ್ಕು ವಾರ ಒದ್ದಾಡಿ ತಿಳಿದದ್ದು. ಅದಕ್ಕೇ ಅವಳಿಗೆ ಸ್ವಲ್ಪ ಜಂಬವೂ ಇತ್ತು.

ಮತ್ತೆ ಒಂದು ಕೂಗು ಇತ್ತು. ಕಾರ್ಖಾನೆಯ ಸೈರನ್ ದಿನಕ್ಕೆ ಐದು ಸಲ ಕೂಗುತ್ತಿದ್ದ ಕಾಲ ಅದು: ಆರೂವರೆಗೆ, ಏಳಕ್ಕೆ, ಹನ್ನೆರಡಕ್ಕೆ, ಒಂದಕ್ಕೆ, ಐದಕ್ಕೆ. ಪುಸ್ತಕದಲ್ಲಿ ಅದು 'ಕೂ' ಎಂಬ ಒಂದಕ್ಷರ. ಆ ಅಕ್ಷರ ಬಂದ ಕೂಡಲೇ ಒಬ್ಬರ ಯೋಚನೆ ಕಡಿದು ಇನ್ನೊಬ್ಬರದು ಶುರು. ಇಡೀ ಪುಸ್ತಕಕ್ಕೆ ಇದ್ದ ವಿರಾಮಚಿಹ್ನೆ ಅದೊಂದೇ.

"ಅಪ್ಪ ಮನೆಯಲ್ಲಿಯೂ ಹಾಗೆಯೇ," ಎಂದರು ಶಶಿಪ್ರಭಾ. "ಕೂಗು ಆದ್ರೆ ಏಳ್ತಾರೆ, ಕೂಗು ಆದ್ರೆ ಉಣ್ತಾರೆ. ನಡುವೆ ಮಾತಿಲ್ಲ. ನನಗೆ ಜಡೆ ಹಾಕಿದ್ದು ಅವರೇ, ಹತ್ತನೇ ಕ್ಲಾಸಿನವರೆಗೆ. ಜಡೆ ಹಾಕುವಾಗಲೂ ಬಾಯಿಯಲ್ಲಿ ರಿಬ್ಬನ್ ಕಚ್ಚಿಕೊಂಡಿರ್ತಿದ್ದರು, ಮಾತಾಡ್ಬೇಕು ಅಂತಲೇ ಇಲ್ಲ."

"ಅಮ್ಮ?"

"ಅಮ್ಮ ಬಿಟ್ಟು ಹೋದದ್ದು. ಅಕ್ಕು ಅಂತ ಹೆಸರು. ನನಗೆ ನಾಲ್ಕು ವರ್ಷ. ಬೊಂಬಾಯಿಗೆ ಹೋದಳು, ಅಲ್ಲೇ ಸತ್ತಳು. ಊರಿಗೆಲ್ಲ ಗೊತ್ತಿದ್ದ ಕತೆ, ನಿನಗೆ ಮಾತ್ರ ಹೊಸತು." ಅವರು ಮತ್ತೆ ಹೇಳಿದರು, "ನಾನು ಈ ಪುಸ್ತಕ ಯಾಕೆ ಓದಿಸ್ತಾ ಇರುವುದು ಗೊತ್ತುಂಟಾ? ಅವಳು ಯಾಕೆ ಹೋದಳು ಅಂತ ಅಪ್ಪ ಯಾರ ಹತ್ತಿರವೂ ಹೇಳ್ಲಿಲ್ಲ. ಇದರಲ್ಲಾದರೂ ಹೇಳಿದ್ದಾರಾ ನೋಡುವ ಅಂತ."

ರೈಹಾನಾಳ ಜೊತೆ ಓದಿದವರಲ್ಲಿ ಅರ್ಧ ಜನಕ್ಕೆ ಮದುವೆಯಾಗಿತ್ತು, ಉಳಿದವರು ಎಲ್ಲೆಲ್ಲೋ ಕೆಲಸದಲ್ಲಿದ್ದರು. ಬಂದರಿನ ಹತ್ತಿರದ ಅವಳ ಮನೆಯಲ್ಲಿ ಜನಕ್ಕೆ ಬರವಿರಲಿಲ್ಲ. ಅಣ್ಣ ರಿಯಾಝ್ ದಿನವೂ ದುಬೈಯಿಂದ ವೀಡಿಯೋ ಕಾಲ್ ಮಾಡುತ್ತಿದ್ದ, ಎಲ್ಲರೂ ಒಟ್ಟಿಗೆ ಕೂಗಿ ಮಾತಾಡುತ್ತಿದ್ದರು. ಆ ಗದ್ದಲದಲ್ಲಿ ಒಂದು ವಾರ ತಾನು ಬಾಯಿ ಬಿಡದಿದ್ದರೂ ಯಾರಿಗೂ ತಿಳಿಯುವುದಿಲ್ಲವೆಂದು ಅವಳು ಒಮ್ಮೆ ಪರೀಕ್ಷಿಸಿ ನೋಡಿದ್ದಳು. ಒಂಬತ್ತು ದಿನ ತಿಳಿದಿರಲಿಲ್ಲ. ಹಾಗಿರುವಾಗ ಈ ಪುಸ್ತಕ ಅವಳಿಗೆ ಹತ್ತಿರವಾಯಿತು. ಒಂದೇ ಮನೆಯ ಇಬ್ಬರು ದಿನವಿಡೀ ಒಬ್ಬರ ಜೊತೆ ಒಬ್ಬರು ಮನಸ್ಸಿನಲ್ಲೇ ಮಾತಾಡುತ್ತಾರೆ, ಬಾಯಿಂದ ಹೊರಗೆ ಬರುವುದು 'ಉಪ್ಪು ಸಾಕಾ' ಎನ್ನುವಷ್ಟೇ.

ಆರನೇ ಶನಿವಾರ ಅವಳು ನೂರಾ ಇಪ್ಪತ್ತನೆಯ ಪುಟದ ಆಸುಪಾಸಿಗೆ ಬಂದಳು. ಸೆಕೆ ಇತ್ತು, ಫ್ಯಾನಿನ ಸದ್ದು ರೆಕಾರ್ಡಿಂಗಿನಲ್ಲಿ ಬರುತ್ತದೆಂದು ಆರಿಸಿದ್ದರು. ಈಗ ಅವಳಿಗೆ ಗೆರೆಗಳು ಬೇಕಿರಲಿಲ್ಲ. ಕಣ್ಣು ಬಾಯಿಗಿಂತ ನಾಲ್ಕೈದು ಪದ ಮುಂದೆ ಓಡುತ್ತಿತ್ತು, ಉಸಿರು ತಾನಾಗಿ ಜಾಗ ಹುಡುಕಿಕೊಳ್ಳುತ್ತಿತ್ತು.

*ಸಾಕು ಆರಿಸಿದ್ದು ಕಲ್ಲು ಇದ್ದರೆ ಇರಲಿ ಮಗು ಮಲಗಿದೆ ಎಣ್ಣೆ ಹಚ್ಚಿದ ತಲೆಯ ವಾಸನೆ ನನ್ನ ಕೈಗೆ ಬಂದಿದೆ ಕೈ ತೊಳೆಯಬಾರದು ಇವತ್ತು ತೊಳೆಯಬಾರದು ಬಾಗಿಲಲ್ಲಿ ಚೀಲ ಬಾಗಿಲಲ್ಲಿ ಚಪ್ಪಲಿ ಬಾಗಿಲಲ್ಲಿ ಬಿಸಿಲಿನ ವಾಸನೆ ಪೋಪೆ ಕೂ ನಾಯಿ ಎದ್ದಿತು ಒಂದು ಎರಡು ಮೂರು ನಾಲ್ಕನೇ ಹೆಜ್ಜೆಗೆ ಗೇಟು*

"ನಿಲ್ಲಿಸು."

ಶಶಿಪ್ರಭಾ ಕುರ್ಚಿಯ ಕೈಯನ್ನು ಹಿಡಿದುಕೊಂಡಿದ್ದರು.

"ಕೂಗಿನ ಮೊದಲು ಎಂತ ಇತ್ತು? ಪುನಃ ಹೇಳು."

"ಪೋಪೆ," ಎಂದಳು ರೈಹಾನಾ. "ತುಳು ಪದ. ಇಡೀ ಪುಸ್ತಕದಲ್ಲಿ ತುಳು ಬಂದದ್ದು ಇದೊಂದೇ ಅಂತ ಕಾಣ್ತದೆ."

"ಪುನಃ."

"ಪೋಪೆ."

"ಅವ ಹೋಗ್ತಾನೆ," ಎಂದು ಶಶಿಪ್ರಭಾ ಕನ್ನಡದಲ್ಲಿ ಹೇಳಿದರು, ತಮಗೇ ಅರ್ಥ ಮಾಡಿಸಿಕೊಳ್ಳುವಂತೆ. "ಬಾಗಿಲಲ್ಲಿ ಚೀಲ. ಅವ ಹೋಗ್ತಾನೆ. ಹೋದದ್ದು ಅಪ್ಪ."

ಫೋನಿನ ರೆಕಾರ್ಡಿಂಗ್ ಓಡುತ್ತಲೇ ಇತ್ತು. ನಾಲ್ಕನೇ ವಯಸ್ಸಿನ ಒಂದು ನೆನಪು ಅವರಿಗಿತ್ತು. ನೆರೆಮನೆಯ ರೇಚಲ್ ಬಾಯಿಯ ಅಡುಗೆಮನೆಯಲ್ಲಿ ಕುಳಿತು ಚಹಾದಲ್ಲಿ ಬ್ರೆಡ್ ಅದ್ದಿ ತಿನ್ನುವುದು. ಒಂದು ದಿನವಲ್ಲ, ಎಂಟು ದಿನ. ಆಮೇಲೆ ಅಪ್ಪ ಚೀಲ ಹಿಡಿದುಕೊಂಡು ಗೇಟಿನಲ್ಲಿ ಬಂದು ನಿಂತದ್ದು, ಗಡ್ಡ ಬಂದದ್ದು. ಅಮ್ಮ ಬಿಟ್ಟುಹೋದಳೆಂದು ಅವಳನ್ನು ಹುಡುಕಿಕೊಂಡು ಅಪ್ಪ ಊರೂರು ಅಲೆದು ಬಂದರೆಂದೇ ಅವರು ಇಷ್ಟು ವರ್ಷ ತಿಳಿದದ್ದು.

"ಹುಡುಕಲಿಕ್ಕೆ ಹೋದದ್ದಲ್ಲ ಅದು. ಬಿಟ್ಟು ಹೋದದ್ದು. ಮೊದಲು ಹೋದದ್ದು ಅವರು. ಗಂಡ ಬಿಟ್ಟ ಮೇಲೆ ಅವಳು ಎಂತ ಮಾಡ್ಬೇಕಿತ್ತು? ಆಮೇಲೆ ಇವರಿಗೆ ಮನಸ್ಸು ಬದಲಾಗಿ ವಾಪಸ್ ಬಂದಾಗ ಅವಳು ಇರಲಿಲ್ಲ." ಅವರ ದನಿ ಏರಲಿಲ್ಲ. "ಊರೆಲ್ಲ ಅವಳಿಗೆ ಬೈಯುವಾಗ ಇವರು ರಿಬ್ಬನ್ ಕಚ್ಚಿಕೊಂಡು ಕೂತಿದ್ದರು. ನಾನೂ ಬೈದೆ. ಅವಳು ಸತ್ತ ಸುದ್ದಿ ಬಂದ ದಿನ ನಾನು ಆಫೀಸಿಗೆ ರಜೆ ಸಹ ಹಾಕ್ಲಿಲ್ಲ, ಮಗಾ."

ಮುಂದಿನ ಶನಿವಾರ ರೈಹಾನಾ ಹೋದಾಗ ಶಶಿಪ್ರಭಾ ಬೇರೆಯೇ ಆಗಿದ್ದರು. ಮುಖದಲ್ಲಿ ಏನೋ ಸಡಿಲಾಗಿತ್ತು. ಬೊಂಬಾಯಿಯಲ್ಲಿರುವ ಚಿಕ್ಕಮ್ಮನ ಮಗಳ ನಂಬರನ್ನು ಯಾರ ಯಾರ ಕೈಯಿಂದಲೋ ತರಿಸಿ ಮಾತಾಡಿದ್ದರಂತೆ, ಅಮ್ಮನ ಒಂದು ಫೋಟೋ ಉಂಟಂತೆ, ಕಳಿಸುತ್ತಾಳಂತೆ. "ನನಗೆ ಕಾಣುವುದಿಲ್ಲ. ನೀನು ನೋಡಿ ಹೇಳ್ಬೇಕು, ಆಯ್ತಾ? ಮೂಗು ಹೇಗುಂಟು, ಕಿವಿ ಹೇಗುಂಟು ಅಂತ." ಮತ್ತೆ ದೀಪಾವಳಿಯ ಮಾತು. ಆ ದಿನ ತೀರಿಹೋದವರಿಗೆ ಬಾಳೆಎಲೆ ಹಾಕಿ ಬಡಿಸುವ ಕ್ರಮ ಅವರಲ್ಲಿತ್ತು. ಪ್ರತಿವರ್ಷ ಅವರು ಅಪ್ಪನಿಗೆ ಮಾತ್ರ ಎಲೆ ಹಾಕುತ್ತಿದ್ದರು, ಅಮ್ಮನಿಗೆ ಒಮ್ಮೆಯೂ ಹಾಕಿದ್ದಿಲ್ಲ.

"ಈ ಸಲ ಎಲೆ ಅಮ್ಮನಿಗೆ. ಅವರಿಗೆ ಇಲ್ಲ."

"ಅಪ್ಪನಿಗೆ ಇಲ್ವಾ?"

"ಇಲ್ಲ. ಸತ್ತ ಮೇಲೆ ಇಷ್ಟು ವರ್ಷ ಅವಳು ಹಸಿದಳಲ್ಲ. ಒಂದು ವರ್ಷ ಅವರಿಗೂ ಗೊತ್ತಾಗಲಿ."

ನಕ್ಕಂತೆ ಹೇಳಿದರು. ಆದರೆ ತಮಾಷೆಯಾಗಿರಲಿಲ್ಲ.

ಆ ಬುಧವಾರ ರೈಹಾನಾ ತನ್ನ ತಂದೆಗೆ, ಅವಳು ಕರೆಯುವಂತೆ ಉಪ್ಪನಿಗೆ, ಊಟ ಕೊಡಲು ಅಂಗಡಿಗೆ ಹೋದಳು. ಉಪ್ಪ ಅಬ್ದುಲ್ ರಹ್ಮಾನರದು ಬಂದರಿನಲ್ಲಿ ಒಣಮೆಣಸಿನ ಅಂಗಡಿ. ಗೋಣಿ ಹೊರುವ ನೋಣಯ್ಯ ಮೂವತ್ತು ವರ್ಷದಿಂದ ಅಲ್ಲಿಯೇ ಇದ್ದವನು. ಅವನು ಹೆಗಲಿಗೆ ಬಟ್ಟೆ ಹಾಕಿಕೊಳ್ಳುತ್ತ ಉಪ್ಪನಿಗೆ ತುಳುವಿನಲ್ಲಿ ಹೇಳಿದ, "ಯಾನ್ ದಕ್ಕೆಗ್ ಪೋಪೆ." ನಾನು ದಕ್ಕೆಗೆ ಹೋಗ್ತೇನೆ.

ರೈಹಾನಾಳ ಕೈಯಲ್ಲಿದ್ದ ಬುತ್ತಿ ಅಲ್ಲೇ ನಿಂತಿತು.

"ನೋಣಯ್ಯಣ್ಣ, ಈಗ ಎಂತ ಹೇಳಿದ್ದು?"

"ದಕ್ಕೆಗೆ ಹೋಗ್ತೇನೆ ಅಂತ. ಯಾಕಕ್ಕ, ಮೀನು ತರ್ಬೇಕಾ?"

"ಮೀನು ಬೇಡ. ಪೋಪೆ ಅಂದ್ರೆ ಅವನು ಹೋಗ್ತಾನೆ ಅಂತ ಅಲ್ವಾ?"

ನೋಣಯ್ಯ ಉಪ್ಪನ ಮುಖ ನೋಡಿದ, ಉಪ್ಪ ನೋಣಯ್ಯನ ಮುಖ ನೋಡಿದರು. ಇಬ್ಬರೂ ಒಟ್ಟಿಗೆ ನಕ್ಕರು.

"ಎಂ.ಎ. ಮಾಡಿಸಿದ್ದು ನಾನು," ಎಂದರು ಉಪ್ಪ. "ಮೆಣಸು ಮಾರಿ ಮಾಡಿಸಿದ್ದು. ನೋಡು ನೋಣಯ್ಯ, ಪೋಪೆ ಗೊತ್ತಿಲ್ಲ."

"ಅದು ಬೇರೆ ಇದು ಬೇರೆ ಅಕ್ಕ," ಎಂದ ನೋಣಯ್ಯ. "ಆಯೆ ಪೋಪೆ, ಅವ ಹೋಗ್ತಾನೆ. ಯಾನ್ ಪೋಪೆ, ನಾನು ಹೋಗ್ತೇನೆ. ಕೇಳಿತಾ?"

"ಎರಡೂ ಒಂದೇ ಕೇಳಿತು."

"ಒಂದೇ ಎಂತ! ನನ್ನ ಬಾಯಿ ನೋಡಿ. ಅವ ಹೋಗುವುದಕ್ಕೆ ಹಲ್ಲು ಕಾಣ್ಬೇಕು. ನಾನು ಹೋಗುವುದಕ್ಕೆ ಬಾಯಿ ಕಳೀಬೇಕು." ಅವನು ಬಾಯಿ ಅಗಲಿಸಿ ತೋರಿಸಿದ. ಆಗ ಅವಳಿಗೆ ಕೇಳಿತು. ಮೊದಲನೆಯದು ಕನ್ನಡದ 'ಎ'ಯ ಹಾಗೆಯೇ. ಎರಡನೆಯದರ ಕೊನೆ 'ಆ'ದ ಕಡೆಗೆ ವಾಲಿತ್ತು, 'ಬ್ಯಾಂಕ್' ಎನ್ನುವಾಗ ಬರುವ ಸ್ವರದ ಹಾಗೆ, ಸ್ವಲ್ಪ ಗಿಡ್ಡ.

"ಇದನ್ನು ಬರೆಯುವುದು ಹೇಗೆ?"

"ಬರೆಯುವುದು ಯಾಕೆ? ಹೋಗುವವ ಹೋಗ್ತಾನೆ, ಬರೀತಾ ಕೂರ್ತಾನಾ?" ಎಂದು ನೋಣಯ್ಯ ದಕ್ಕೆಯ ಕಡೆಗೆ ಹೊರಟುಹೋದ.

ಕನ್ನಡ ಲಿಪಿಯಲ್ಲಿ ಆ ಸ್ವರಕ್ಕೆ ಅಕ್ಷರವಿಲ್ಲ. ಎರಡನ್ನೂ ಒಂದೇ ರೀತಿ ಬರೆಯಬೇಕು: ಪೋಪೆ. ರೈಹಾನಾ ಮೆಣಸಿನ ಗೋಣಿಯ ಮೇಲೆ ಕುಳಿತುಬಿಟ್ಟಳು. ಅವಳು ಓದಿದ್ದು ಅಕ್ಷರವನ್ನು. ಅಕ್ಷರದಲ್ಲಿ 'ನಾನು' ಇತ್ತು, 'ಅವನು' ಇದ್ದ. ಅವಳ ಬಾಯಿ, ತುಳು ಬಾರದ ಬಾಯಿ, ಕನ್ನಡದ ಅಭ್ಯಾಸದಲ್ಲಿ ಒಬ್ಬನನ್ನು ಮಾತ್ರ ಹೊರಗೆ ಹಾಕಿತ್ತು. ಅಷ್ಟರಿಂದ ದೇರೆಬೈಲಿನ ಮನೆಯಲ್ಲಿ ಸತ್ತವನೊಬ್ಬನ ಎಲೆ ಹೋಯಿತು, ಸತ್ತವಳೊಬ್ಬಳು ಮಗಳಿಗೆ ಸಿಕ್ಕಿದಳು.

ಹೇಳದೆ ಇದ್ದರೂ ಆಗುತ್ತಿತ್ತು. ಆ ಮೂರು ದಿನ ಅವಳು ಅದನ್ನೇ ಯೋಚಿಸಿದಳು. ಪುಸ್ತಕದ ಇನ್ನೊಂದು ಪ್ರತಿ ಯಾರ ಹತ್ತಿರವೂ ಇಲ್ಲ, ಶಶಿಪ್ರಭಾ ತಾವೇ ಓದುವ ಹಾಗಿಲ್ಲ. ತಾಯಿ ಸಿಕ್ಕಿದವರಿಂದ ತಾಯಿಯನ್ನು ಕಸಿದುಕೊಂಡು ಏನಾಗಬೇಕು? ಆದರೆ ಆ ಇನ್ನೊಬ್ಬರೂ ಅವಳ ಮನಸ್ಸಿನಿಂದ ಹೋಗಲಿಲ್ಲ, ರಿಬ್ಬನ್ ಕಚ್ಚಿಕೊಂಡು ಜಡೆ ಹಾಕಿದವರು. ತಾವು ಹೇಳಿರದ ಮಾತಿಗಾಗಿ ಅವರು ಹಸಿಯಬೇಕಾಗಿತ್ತು.

ಶನಿವಾರ ಅವಳು ಫೋನನ್ನು ಚೀಲದಿಂದ ತೆಗೆಯುವ ಮೊದಲೇ ಹೇಳಿಬಿಟ್ಟಳು. ಮೊದಲು, ತನಗೆ ತುಳು ಸರಿಯಾಗಿ ಬರುವುದಿಲ್ಲವೆಂದು. ಆಮೇಲೆ ನೋಣಯ್ಯನ ಹಲ್ಲು ಮತ್ತು ಬಾಯಿಯ ಮಾತು. ಕಡೆಗೆ, ಕಾಗದದ ಮೇಲೆ ಅದು ಎರಡೂ ಆಗಬಹುದೆಂದು.

ಹೊರಗೆ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದರು, ಅದು ಸ್ಟಾರ್ಟ್ ಆಗುತ್ತಿರಲಿಲ್ಲ.

"ಹದಿನೈದು ದಿನ ನನಗೆ ಒಬ್ಬ ಅಮ್ಮ ಇದ್ದಳು," ಎಂದರು ಶಶಿಪ್ರಭಾ. "ಅವಳನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದದ್ದಾ ನೀನು?"

"ಇಲ್ಲ ಆಂಟಿ. ಅವಳು ಹೋದಳು ಅಂತಲೂ ಅಲ್ಲ. ಎರಡೂ ಆಗಬಹುದು ಅಂತ."

"ಎರಡೂ ಆಗಬಹುದು! ಬರ್ತದೆ ಆಂಟಿ ಅಂದಿಯಲ್ಲ ಆ ದಿನ, ತುಳು? ಇಷ್ಟು ದೊಡ್ಡ ಬಾಯಿ ಮಾಡಿ?"

ರೈಹಾನಾ ತಲೆ ತಗ್ಗಿಸಿದಳು. ತಗ್ಗಿಸಿದ್ದು ಅವರಿಗೆ ಕಾಣುವುದಿಲ್ಲವೆಂದು ನೆನಪಾಗಿ, "ತಪ್ಪಾಯಿತು," ಎಂದಳು.

"ಪುಸ್ತಕ ತೆಗೆ."

ತೆಗೆದಳು. ಇಬ್ಬರೂ ಆ ಒಂದು ಸಾಲಿನ ಮೇಲೆ ಕುಳಿತರು. ಕೂಗಿಗೆ ಮುಂಚೆ ಇರುವುದರಿಂದ ಪದ ಹೆಂಡತಿಯ ತಲೆಯೊಳಗಿನದು, ಇದು ಖಚಿತ. ಎಣ್ಣೆಯ ವಾಸನೆ, ಬಿಸಿಲಿನ ವಾಸನೆ. ಅವಳು ಬಾಗಿಲ ಕಡೆ ನೋಡಿ 'ಅವನು ಹೋಗುತ್ತಾನೆ' ಎಂದುಕೊಳ್ಳಬಹುದು. ಅಥವಾ ತಾನೇ ಚಪ್ಪಲಿಯಲ್ಲಿ ಕಾಲಿಟ್ಟು 'ನಾನು ಹೋಗುತ್ತೇನೆ' ಎಂದುಕೊಳ್ಳಬಹುದು. ಚೀಲ ಯಾರದೆಂದು ಬರೆದಿಲ್ಲ. ಕೂಗಿನ ನಂತರ ನಾಲ್ಕು ಹೆಜ್ಜೆ, ಗೇಟು. ಎಣಿಸುವವನು ಅವನು. ಆದರೆ ತನ್ನ ಹೆಜ್ಜೆ ಎಣಿಸಿದನೋ, ಕಾರ್ಖಾನೆಯಿಂದ ಬಂದು ಗೇಟಿನಾಚೆ ನಿಂತು ಅವಳ ಹೆಜ್ಜೆ ಎಣಿಸಿದನೋ?

"ನಮ್ಮಲ್ಲಿ ಹೊರಡುವವರು ಪೋಪೆ ಅಂತ ಹೇಳುವುದಿಲ್ಲ," ಎಂದರು ಶಶಿಪ್ರಭಾ. "ಹೊಸಿಲು ದಾಟುವಾಗ ಬರ್ಪೆ ಅನ್ನುವುದು. ಬರ್ತೇನೆ ಅಂತ. ಹೋಗ್ತೇನೆ ಅಂದ್ರೆ ಅಪಶಕುನ. ನಾನು ಅದಕ್ಕೇ ನೀನು ಓದಿದ ಕೂಡಲೇ ಅವ ಹೋಗ್ತಾನೆ ಅಂತಲೇ ತಿಳಿದದ್ದು."

"ಮತ್ತೆ 'ನಾನು ಹೋಗ್ತೇನೆ' ಆಗುವುದೇ ಇಲ್ವಾ?"

"ಆಗ್ತದೆ." ಅವರು ತಡೆದು ಹೇಳಿದರು. "ವಾಪಸ್ ಬರುವುದಿಲ್ಲ ಅಂತ ಗೊತ್ತಿದ್ದು ಹೊರಟವಳು ಹಾಗೆ ಹೇಳ್ಬಹುದು."

ಸ್ಕೂಟರ್ ಕಡೆಗೂ ಸ್ಟಾರ್ಟ್ ಆಗಿ ಹೋಯಿತು.

"ಅಪ್ಪ ಬೇಕು ಅಂತಲೇ ಮಾಡಿದ್ದು," ಎಂದರು ಅವರು. "ಇಡೀ ಪುಸ್ತಕ ಕನ್ನಡ. ಹೋಗ್ತಾನೆ ಅಂತ ಬರೆದಿದ್ದರೆ ಮುಗಿಯಿತು, ಹೋಗ್ತೇನೆ ಅಂತ ಬರೆದಿದ್ದರೂ ಮುಗಿಯಿತು. ಕನ್ನಡದಲ್ಲಿ ಅಡಗಲಿಕ್ಕೆ ಜಾಗ ಇಲ್ಲ. ಅದಕ್ಕೆ ಆ ಒಂದು ಕಡೆ ತುಳುವಿಗೆ ಬಂದಿದ್ದಾರೆ. ತುಳು ಕೇಳಿದವರಿಗೆ ಗೊತ್ತಾಗ್ತದೆ, ಓದಿದವರಿಗೆ ಗೊತ್ತಾಗುವುದಿಲ್ಲ. ಕಾಗದದ ಹತ್ತಿರ ಸಹ ಬಾಯಿ ಬಿಡ್ಲಿಲ್ಲ, ನೋಡು ಆ ಮನುಷ್ಯ."

ಅವರ ಮಾತಿನಲ್ಲಿ ಸಿಟ್ಟಿತ್ತು. ಸಿಟ್ಟಿನ ಅಡಿಯಲ್ಲಿ ಇನ್ನೇನೋ ಇತ್ತು, ಅದನ್ನು ಹೆಮ್ಮೆ ಎನ್ನಬಹುದೇ ಎಂದು ರೈಹಾನಾಳಿಗೆ ತಿಳಿಯಲಿಲ್ಲ.

"ರೆಕಾರ್ಡಿಂಗಿನಲ್ಲಿ ಎಂತ ಮಾಡುವುದು ಆಂಟಿ? ಕಣ್ಣಲ್ಲಿ ಓದುವಾಗ ಎರಡೂ ಇರ್ತದೆ. ಬಾಯಲ್ಲಿ ಓದುವಾಗ ಒಂದನ್ನು ಬಿಡಲೇಬೇಕು. ನಾನು ಯಾವುದನ್ನು ಬಿಡುವುದು?"

"ನೀನು ಬಿಡುವುದು ಬೇಡ. ನೀನು ಬಿಸಿಲಿನ ವಾಸನೆಯ ತನಕ ಓದಿ ನಿಲ್ಲಿಸು. ಕೂಗಿನಿಂದ ಪುನಃ ಹಿಡಿ. ನಡುವಿನದ್ದು ನಾನು ಹೇಳ್ತೇನೆ."

ರೈಹಾನಾ ಫೋನನ್ನು ಇಬ್ಬರ ನಡುವೆ ಸ್ಟೂಲಿನ ಮೇಲಿಟ್ಟಳು. ಓದಿದಳು. *ಕೈ ತೊಳೆಯಬಾರದು ಇವತ್ತು ತೊಳೆಯಬಾರದು ಬಾಗಿಲಲ್ಲಿ ಚೀಲ ಬಾಗಿಲಲ್ಲಿ ಚಪ್ಪಲಿ ಬಾಗಿಲಲ್ಲಿ ಬಿಸಿಲಿನ ವಾಸನೆ.* ನಿಲ್ಲಿಸಿದಳು. ಶಶಿಪ್ರಭಾ ಮುಂದಕ್ಕೆ ಬಗ್ಗಿದರು, ತುಟಿ ತೆರೆದು ಹಾಗೆಯೇ ಇದ್ದರು, ಮುಚ್ಚಿದರು, ಮತ್ತೆ ತೆರೆದರು. ಆಮೇಲೆ ಮೆಲ್ಲಗೆ ಆ ಪದವನ್ನು ಹೇಳಿದರು. ರೈಹಾನಾ ಕೂಗಿನಿಂದ ಹಿಡಿದು ಪುಟದ ಕೊನೆಯವರೆಗೆ ಓದಿದಳು.

ಮುಗಿದ ಮೇಲೆ ಶಶಿಪ್ರಭಾ ಗೋಡೆ ಹಿಡಿದುಕೊಂಡು ಎದ್ದು, ಫೋನ್ ತೆಗೆದು ನೆರೆಯ ಅಂಗಡಿಗೆ ಡಯಲ್ ಮಾಡಿದರು. "ಯೋಗೀಶ್, ನಾಡಿದ್ದಿಗೆ ಬಾಳೆಎಲೆ ಹೇಳಿದ್ದೆನಲ್ಲ. ಒಂದಲ್ಲ, ಎರಡು. ಹೌದು ಎರಡು. ತುದಿ ಇರುವಂಥದ್ದೇ ಬೇಕು ಮಾರಾಯ, ಹರಿದದ್ದು ಕೊಡ್ಬೇಡ." ಆಮೇಲೆ ರೈಹಾನಾಳ ಕಡೆ ತಿರುಗಿದರು. "ಎಂತ ನೋಡ್ತಿ? ಯಾರು ಹೋದದ್ದು ಅಂತ ಆ ಎಲೆಗೆ ಗೊತ್ತಿರ್ತದಾ? ಹೋಗು, ಕತ್ತಲೆಯಾಗುವ ಮೊದಲು ಬಸ್ ಹಿಡಿ. ಇನ್ನೂ ನಲವತ್ತೆಂಟು ಪುಟ ಉಂಟು."

ಬಸ್ಸಿನಲ್ಲಿ ಕಿಟಕಿಯ ಬದಿಯ ಸೀಟು ಸಿಕ್ಕಿತು. ರೈಹಾನಾ ಇಯರ್‌ಫೋನ್ ಹಾಕಿಕೊಂಡು ಆ ಜಾಗವನ್ನು ಹುಡುಕಿದಳು. ತನ್ನ ದನಿ, ಬಿಸಿಲಿನ ವಾಸನೆ, ಆಮೇಲೆ ಉದ್ದದ ಮೌನ, ಆ ಮೌನದಲ್ಲಿ ಒಂದು ಉಸಿರು, ಮತ್ತೆ ಆ ಪದ. ಎರಡು ಅಕ್ಷರ, ಅರ್ಧ ಸೆಕೆಂಡು. ಹಲ್ಲು ಕಂಡಿತೋ, ಬಾಯಿ ತೆರೆಯಿತೋ? ಆಗ ಅವಳು ಪುಸ್ತಕ ನೋಡುತ್ತಿದ್ದಳು, ಅವರ ತುಟಿ ನೋಡಿರಲಿಲ್ಲ. ಹಿಂದಕ್ಕೆ ಎಳೆದು ಮತ್ತೆ ಕೇಳಿದಳು. 'ಎ' ಎಂದು ಕೇಳಿತು. ಇನ್ನೊಮ್ಮೆ ಕೇಳಿದರೆ ಅದು 'ಆ'ದ ಕಡೆಗೆ ವಾಲಿದಂತಿತ್ತು. ಮೂರನೆಯ ಸಲ ಎರಡೂ ಅಲ್ಲ. ತುಳುವಿನಲ್ಲಿ ಹುಟ್ಟಿದ ಯಾವ ಕಿವಿಗಾದರೂ ಅದು ಒಂದೇ ಸಲಕ್ಕೆ ಗೊತ್ತಾಗುತ್ತಿತ್ತು. ಎದುರಿನ ಸೀಟಿನ ಹೆಂಗಸಿಗೆ, ಕಂಡಕ್ಟರನಿಗೆ, ನಾಳೆ ಅಂಗಡಿಯಲ್ಲಿ ನೋಣಯ್ಯನಿಗೆ, ಅವನೊಂದಿಗೆ ದಿನವೂ ತುಳು ಆಡುವ ಉಪ್ಪನಿಗೂ.

ಸ್ಟೇಟ್ ಬ್ಯಾಂಕ್ ಸ್ಟಾಪಿನಲ್ಲಿ ಇಳಿದು, ಜನರ ನಡುವೆ ನಡೆಯುತ್ತ, ಮನೆಯ ಮೆಟ್ಟಿಲು ಹತ್ತುವಾಗಲೂ ಅವಳು ಅದನ್ನೇ ಕೇಳುತ್ತಿದ್ದಳು. ಒಳಗೆ ವೀಡಿಯೋ ಕಾಲಿನ ಗದ್ದಲ. ಉಪ್ಪ ಅವಳನ್ನು ಕಂಡು, "ಬಂದಳು ಪೋಪೆ!" ಎಂದು ನಗುತ್ತ ಕರೆದರು. "ಎಂತ ಕೇಳ್ತಾ ಇದ್ದಿ? ಕೊಡು, ನಾನೂ ಕೇಳ್ತೇನೆ."

ಅವಳು ಇಯರ್‌ಫೋನ್ ತೆಗೆದು, ತಂತಿಯನ್ನು ಬೆರಳಿಗೆ ಸುತ್ತಿ, ಫೋನಿನೊಂದಿಗೆ ಚೀಲದೊಳಗೆ ಹಾಕಿದಳು.

"ಏನೂ ಇಲ್ಲ ಉಪ್ಪ," ಎಂದಳು.